ಅಕ್ಕಿಗಿಂತ ಮೊದಲು ಬಕೆಟ್: ನೆರೆ ಪರಿಹಾರಕ್ಕೆ ಬರುವವರಿಗೊಂದು ಇಮೇಲ್

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿದವು. ಬೆಳಗಾವಿ, ಬಾಗಲಕೋಟೆ ಕಡೆಯ ಊರುಗಳಿಗೆ ನೀರು ನುಗ್ಗಿತು. ಬೆಂಗಳೂರಿನ ನಮ್ಮ ಬಡಾವಣೆಯ ಸಮುದಾಯ ಭವನದಲ್ಲೂ ಸಾಮಾನು ಸಂಗ್ರಹ ಶುರುವಾಯಿತು. ಸ್ವಯಂಸೇವಕರನ್ನು ಕರೆಯುವ ಇಮೇಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬರೆದೆ, ಚೆನ್ನಾಗಿಯೇ ಬರೆದೆ. ಉತ್ತರ ಕರ್ನಾಟಕದ ಬಂಧುಗಳ ಕಣ್ಣೀರು, ನಮ್ಮೆಲ್ಲರ ಕರ್ತವ್ಯ, ಕೈಜೋಡಿಸಿ, ಭಾನುವಾರ ಬನ್ನಿ ಎಂದೆಲ್ಲ ಎರಡು ಪ್ಯಾರಾ.

ಭಾನುವಾರ ಹನ್ನೊಂದು ಗಂಟೆಗೆ ಅರವತ್ತು ಜನ ಬಂದರು. ಯಾರಿಗೂ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಹದಿನೈದು ಮಂದಿ ಒಂದೇ ಬಟ್ಟೆರಾಶಿಯನ್ನು ಮೂರು ಸಲ ವಿಂಗಡಿಸಿದರು. ಒಬ್ಬರು ತಂದ ಅಕ್ಕಿ ಮತ್ತೊಬ್ಬರು ತಂದ ಬಟ್ಟೆ ಸೋಪಿನ ಜೊತೆ ಒಂದೇ ಚೀಲ ಸೇರಿತು. ಮಧ್ಯಾಹ್ನ ಎರಡಕ್ಕೆ ಊಟಕ್ಕೆಂದು ಹೋದವರು ಮರಳಲಿಲ್ಲ. ರಾತ್ರಿ ಲಾರಿ ಬಂದಾಗ ತುಂಬಲು ಉಳಿದವರು ನಾನೂ ಸೇರಿ ನಾಲ್ಕು ಜನ. ಆ ಅಕ್ಕಿ ಬೇಯಿಸಿದಾಗ ಸೋಪಿನ ವಾಸನೆ ಬಂತಂತೆ. ಅದನ್ನು ತಲುಪಿಸಿದ ಹುಡುಗನೇ ಫೋನ್ ಮಾಡಿ ಹೇಳಿದ.

ಮುಂದಿನ ವಾರ ಎರಡನೆಯ ಇಮೇಲ್ ಬರೆಯುವಾಗ ಒಂದೇ ಪ್ರಶ್ನೆ ಮುಂದಿಟ್ಟುಕೊಂಡೆ. ಇದನ್ನು ಫೋನಿನಲ್ಲಿ ಓದಿದವನಿಗೆ ತಾನು ಯಾವ ಹೊತ್ತಿಗೆ ಯಾವ ಮೇಜಿನ ಮುಂದೆ ನಿಲ್ಲಬೇಕು ಎಂಬುದು ಗೊತ್ತಾಗುತ್ತದೆಯೇ? ಆದರೆ ಅದಕ್ಕೂ ಮುಂಚೆ ಇನ್ನೊಂದು ಕೆಲಸವಿತ್ತು.

ಕಿಟ್ ಯಾವ ದಿನಕ್ಕೆ?

ಯಾವುದೇ ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077. ಇನ್ನೊಂದು ಜಿಲ್ಲೆಯಿಂದ ಕರೆ ಮಾಡುವವರು ಸಂಖ್ಯೆಗೆ ಮೊದಲು ಆ ಜಿಲ್ಲೆಯ ಎಸ್‌ಟಿಡಿ ಕೋಡ್ ಸೇರಿಸಬೇಕು, ಇಲ್ಲದಿದ್ದರೆ ಕರೆ ನಿಮ್ಮದೇ ಜಿಲ್ಲೆಗೆ ಹೋಗುತ್ತದೆ. ಅಲ್ಲಿಂದ ತಹಶೀಲ್ದಾರ್ ಕಚೇರಿ, ಅಲ್ಲಿಂದ ಗ್ರಾಮ ಪಂಚಾಯಿತಿಯ ಪಿಡಿಒ. ನಾವು ಹಿಡಿದ ದಾರಿ ಇದು. ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆ ದಡದ ಒಂದು ಊರು ಸಿಕ್ಕಿತು. ಹೆದ್ದಾರಿಯಿಂದ ಒಳಗಿದ್ದುದರಿಂದ ಅಲ್ಲಿಗೆ ಅಷ್ಟಾಗಿ ಯಾರೂ ಹೋಗಿರಲಿಲ್ಲ. ಹೆದ್ದಾರಿ ಬದಿಯ ಊರಿಗಾದರೋ ದಿನಕ್ಕೆ ನಾಲ್ಕು ಗಾಡಿ. ಪಿಡಿಒ ಫೋನನ್ನು ಪಕ್ಕದಲ್ಲಿದ್ದ ಒಬ್ಬ ಹೆಣ್ಣುಮಗಳ ಕೈಗೆ ಕೊಟ್ಟರು. ಏನು ಕಳುಹಿಸಲಿ ಅಮ್ಮಾ ಎಂದು ಕೇಳಿದ್ದಕ್ಕೆ ಆಕೆ ಹೇಳಿದ್ದು ಇಷ್ಟು: "ಸಾಲ್ಯಾಗ ಊಟಾ ಕೊಡಾಕತ್ತಾರ್ರೀ. ಅಕ್ಕಿ ಆಮ್ಯಾಲಿರ್ಲಿ, ಮೊದ್ಲ ಬಕೆಟ್ ಇದ್ರ ಕೊಡ್ರಿ. ಮನಿ ತುಂಬ ರಾಡಿ ಐತ್ರೀ."

ಇಡೀ ಕಿಟ್‌ನ ಲೆಕ್ಕ ಆ ಮಾತಿನಲ್ಲೇ ಇದೆ. ನೀರು ನಿಂತಿರುವಷ್ಟು ದಿನ ಜನ ಶಾಲೆಯಲ್ಲೋ ಸಮುದಾಯ ಭವನದಲ್ಲೋ ಇರುವ ಕಾಳಜಿ ಕೇಂದ್ರದಲ್ಲಿರುತ್ತಾರೆ. ಅಲ್ಲಿ ಸರ್ಕಾರವೇ ಅಡುಗೆ ಮಾಡಿ ಬಡಿಸುತ್ತದೆ. ಒಲೆಯಿಲ್ಲದವರ ಕೈಗೆ ಹತ್ತು ಕೆ.ಜಿ. ಅಕ್ಕಿ ಕೊಟ್ಟರೆ ಅದನ್ನು ಇಡಲು ಜಾಗವಿಲ್ಲದೆ ರಾತ್ರಿಯೆಲ್ಲ ಕಾಯಬೇಕಾಗುತ್ತದೆ, ಅಷ್ಟೇ. ಆ ದಿನಗಳಿಗೆ ಬೇಕಾದದ್ದು ಚಾದರ, ಒಳಉಡುಪು, ಪ್ಯಾಡ್, ಸೋಪು. ನೀರು ಇಳಿದು ಮನೆಗೆ ಹೋಗುವ ದಿನ ಬೇರೆ. ಆ ದಿನ ಮೊಣಕಾಲುದ್ದ ಕೆಸರು ಎತ್ತಿಹಾಕಬೇಕು, ಸಂಜೆ ಒಲೆ ಹಚ್ಚಬೇಕು. ಬಕೆಟ್ಟು, ಪೊರಕೆ, ಆಮೇಲೆ ದಿನಸಿ. ನಮ್ಮ ಲಾರಿ ಊರು ಮುಟ್ಟುವುದು 19ನೇ ತಾರೀಕು ಸೋಮವಾರ. ಅಷ್ಟರಲ್ಲಿ ಜನ ಮನೆಗೆ ಮರಳಿರುತ್ತಾರೆಂದು ಪಿಡಿಒ ಹೇಳಿದರು. ಹಾಗಾಗಿ ನಮ್ಮದು ಮನೆಗೆ ಮರಳುವ ದಿನದ ಕಿಟ್. ಮನೆಗಳ ಲೆಕ್ಕ 200.

ಇಷ್ಟು ತಿಳಿದ ಮೇಲೆ ಬರೆದ ಇಮೇಲ್ ಇದು. ನಿಮ್ಮ ತಾರೀಕು, ಊರು ಹಾಕಿಕೊಂಡು ಬಳಸಬಹುದು.

ಇಮೇಲ್

ಸಬ್ಜೆಕ್ಟ್: ನೆರೆ ಕಿಟ್, ಆ. 17 ಶನಿ – 18 ಭಾನು: ನಿಮ್ಮ ಪಾಳಿಯ ಅಕ್ಷರ ಬರೆದು ಗುರುವಾರ ರಾತ್ರಿಯೊಳಗೆ ಉತ್ತರಿಸಿ

ನಮಸ್ಕಾರ,

ಬಾದಾಮಿ ತಾಲ್ಲೂಕಿನ ಒಂದು ಊರಿನ 200 ಮನೆಗಳಿಗೆ ಕಿಟ್ ಕಳುಹಿಸುತ್ತಿದ್ದೇವೆ. ಮನೆಗಳ ಲೆಕ್ಕ ಕೊಟ್ಟವರು ಅಲ್ಲಿನ ಗ್ರಾಮ ಪಂಚಾಯಿತಿಯವರು. ನೀರು ಇಳಿದಿದೆ, ಜನ ಮನೆಗೆ ಮರಳುತ್ತಿದ್ದಾರೆ. ಅವರ ಮೊದಲ ವಾರಕ್ಕೆ ಬೇಕಾದದ್ದು ಮಾತ್ರ ಕಿಟ್‌ನಲ್ಲಿರುತ್ತದೆ.

ಪಾಳಿಗಳು (ಸಮುದಾಯ ಭವನ, ಹಿಂದಿನ ಗೇಟು):
ಅ) ಶನಿವಾರ ಬೆಳಿಗ್ಗೆ 9ರಿಂದ 1: ಸಾಮಾನು ಸ್ವೀಕಾರ. 8 ಜನ ಬೇಕು.
ಆ) ಶನಿವಾರ ಮಧ್ಯಾಹ್ನ 1ರಿಂದ 6: ಸ್ವೀಕಾರ, ವಿಂಗಡಣೆ. 10 ಜನ. ಸಂಜೆ 5ಕ್ಕೆ ಸ್ವೀಕಾರ ಬಂದ್.
ಇ) ಭಾನುವಾರ ಬೆಳಿಗ್ಗೆ 9ರಿಂದ 2: ಕಿಟ್ ಕಟ್ಟುವುದು. 14 ಜನ.
ಈ) ಭಾನುವಾರ ಸಂಜೆ 5ರಿಂದ 8: ಲಾರಿಗೆ ತುಂಬುವುದು. 10 ಜನ. ಬೆನ್ನುನೋವಿರುವವರು ಈ ಪಾಳಿ ಆರಿಸಬೇಡಿ.

ಉತ್ತರದಲ್ಲಿ ಮೂರೇ ವಿಷಯ ಬರೆಯಿರಿ: ಹೆಸರು, ಫೋನ್, ಪಾಳಿಯ ಅಕ್ಷರ. ನಿಮ್ಮ ಪಾಳಿ ಖಚಿತವಾಯಿತೆಂದು ಶುಕ್ರವಾರ ತಿಳಿಸುತ್ತೇವೆ. ಖಚಿತವಾಗದಿದ್ದರೆ ದಯವಿಟ್ಟು ಬರಬೇಡಿ, ಮುಂದಿನ ಸಲ ನಿಮ್ಮನ್ನೇ ಮೊದಲು ಕರೆಯುತ್ತೇವೆ.

ಒಂದು ಮನೆಯ ಕಿಟ್:
1. ಅಕ್ಕಿ ಚೀಲ: 10 ಕೆ.ಜಿ., ಒಡೆಯದ ಚೀಲ.
2. ದಿನಸಿ ಚೀಲ: ತೊಗರಿಬೇಳೆ 2 ಕೆ.ಜಿ., ಅವಲಕ್ಕಿ 1 ಕೆ.ಜಿ., ಸಕ್ಕರೆ 1 ಕೆ.ಜಿ., ಉಪ್ಪು 1 ಕೆ.ಜಿ., ಅಡುಗೆ ಎಣ್ಣೆ 1 ಲೀಟರ್, ಚಹಾಪುಡಿ 250 ಗ್ರಾಂ, ಖಾರದಪುಡಿ 200 ಗ್ರಾಂ, ಅರಿಶಿನ 100 ಗ್ರಾಂ.
3. ಬಕೆಟ್: ಮುಚ್ಚಳವಿರುವ ಬಕೆಟ್, ಮಗ್, ಕಡ್ಡಿ ಪೊರಕೆ, ಉಜ್ಜುವ ಬ್ರಷ್, ಬಟ್ಟೆ ಸೋಪು 2, ಮೈಸೋಪು 2, ಟವೆಲ್ 2, ಚಾದರ 1, ಪ್ಯಾಡ್ 2 ಪ್ಯಾಕ್, ಟಾರ್ಚ್ ಮತ್ತು ಸೆಲ್, ಬೆಂಕಿಪೊಟ್ಟಣ, ಸೊಳ್ಳೆಬತ್ತಿ.

ಮೊದಲ ಎರಡು ಚೀಲದ ದಿನಸಿಯನ್ನು ಸಂಘದ ಹಣದಿಂದ ಸಗಟಾಗಿ ಕೊಳ್ಳುತ್ತೇವೆ. ಮನೆಯಿಂದ ದಿನಸಿ ತರಬೇಡಿ. ನೆರೆಹೊರೆಯವರಿಂದ ಬಕೆಟ್ಟಿನ ಸಾಮಾನು ಮಾತ್ರ ಕೇಳಿ, ಎಲ್ಲವೂ ಹೊಸದಿರಲಿ.

ತೆಗೆದುಕೊಳ್ಳದ ವಸ್ತುಗಳು: ಬಳಸಿದ ಬಟ್ಟೆ, ಬಿಡಿ ಔಷಧಿ, ಮಾಡಿದ ಅಡುಗೆ, ಮಗುವಿನ ಹಾಲಿನ ಪುಡಿ, ಹಾಲಿನ ಬಾಟಲಿ, ನಗದು.

ಸ್ವೀಕಾರದ ಹೊಣೆ: (ಹೆಸರು, ಫೋನ್). ಕಿಟ್ ಮೇಜಿನ ಹೊಣೆ: (ಹೆಸರು, ಫೋನ್). ಲಾರಿಯ ಹೊಣೆ: (ಹೆಸರು, ಫೋನ್). ಆಯಾ ಮೇಜಿನ ತೀರ್ಮಾನ ಅವರದೇ.

ಹಾಗೆ ಏಕೆ ಬರೆದೆ

ಕಳುಹಿಸುವಾಗ ಎಲ್ಲರ ವಿಳಾಸವನ್ನೂ Bcc ಸಾಲಿನಲ್ಲಿ ಹಾಕಿ. ಇಲ್ಲದಿದ್ದರೆ ಎಂಬತ್ತು ಜನರ ವಿಳಾಸ ಎಲ್ಲರಿಗೂ ಹೋಗುತ್ತದೆ. ಒಬ್ಬರು ಎಲ್ಲರಿಗೂ 'ಒಳ್ಳೆಯ ಕೆಲಸ' ಎಂದು ಉತ್ತರಿಸಿದರೆ ಸಂಜೆಯೊಳಗೆ ನಲವತ್ತು ಹೊಗಳಿಕೆಗಳ ಕೆಳಗೆ ನಿಮ್ಮ ಪಾಳಿ ಪಟ್ಟಿ ಹೂತುಹೋಗಿರುತ್ತದೆ. ಪಟ್ಟಿಯನ್ನು ಅಟ್ಯಾಚ್‌ಮೆಂಟ್ ಮಾಡಬೇಡಿ. ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಫೈಲ್ ತೆರೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ.

ದಿನಸಿ ತರಬೇಡಿ ಎಂದದ್ದಕ್ಕೆ ಕೆಲವರು ಬೇಸರ ಮಾಡಿಕೊಂಡರು. ಆದರೆ ಐವತ್ತು ಮನೆಯಿಂದ ಅಕ್ಕಿ ಬಂದರೆ ಅದು ಐವತ್ತು ಬಗೆಯ ಅಕ್ಕಿ. ಒಬ್ಬರದು ಸೋನಾ ಮಸೂರಿ, ಒಬ್ಬರದು ಕುಸುಬಲಕ್ಕಿ, ಇನ್ನೊಬ್ಬರದು ಡಬ್ಬದ ತಳದಲ್ಲಿ ಉಳಿದದ್ದು. ಒಂದೇ ಬೀದಿಯ ಎರಡು ಮನೆಗೆ ಎರಡು ಬಗೆ ಹೋದರೆ ಅಲ್ಲಿ ಜಗಳ ಹುಟ್ಟುತ್ತದೆ. ಯಶವಂತಪುರದ ಎಪಿಎಂಸಿಯಲ್ಲಿ ಒಂದೇ ಅಂಗಡಿಯಿಂದ 200 ಚೀಲ ಒಮ್ಮೆಗೇ ತಂದರೆ ಬೆಲೆಯೂ ಕಡಿಮೆ, ತೂಕವೂ ಒಂದೇ. ಹಣ ಸಂಘದ ಬ್ಯಾಂಕ್ ಖಾತೆಗೇ ಬರಲಿ. ಇಮೇಲಿನಲ್ಲಿ ಯಾರದೇ ಸ್ವಂತ ಯುಪಿಐ ಸಂಖ್ಯೆ ಬೇಡ, ಅದು ನೀವೇ ಆದರೂ.

ಜೋಳದ ಹಿಟ್ಟು ಕಳುಹಿಸಬಾರದಿತ್ತೇ, ಅವರು ರೊಟ್ಟಿ ಉಣ್ಣುವವರಲ್ಲವೇ ಎಂದು ಹಲವರು ಕೇಳಿದರು. ಪ್ರಶ್ನೆ ಸರಿಯೇ. ಆದರೆ ಬೀಸಿದ ಜೋಳದ ಹಿಟ್ಟು ಬೇಗ ಕಹಿಯಾಗುತ್ತದೆ, ಮಳೆಗಾಲದ ತೇವಕ್ಕೆ ಇನ್ನೂ ಬೇಗ. ಇಡಿ ಜೋಳ ಕೊಡೋಣವೆಂದರೆ ಊರಿನ ಗಿರಣಿಗೇ ನೀರು ನುಗ್ಗಿತ್ತು. ಅದಕ್ಕೆ ಅಕ್ಕಿ. ಅವಲಕ್ಕಿ ಇರುವುದು ಒಲೆ ಹೊತ್ತದ ಮೊದಲ ಹೊತ್ತಿಗೆ. ಪರಿಹಾರ ಕೆಲಸದಲ್ಲಿ ಒಬ್ಬರಿಗೆ ದಿನಕ್ಕೆ 2,100 ಕಿಲೊಕ್ಯಾಲರಿ ಎಂದು ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಈ ಪಟ್ಟಿ ನಾಲ್ಕು ಜನರ ಮನೆಗೆ ಹೆಚ್ಚುಕಡಿಮೆ ಒಂದು ವಾರಕ್ಕಾಗುತ್ತದೆ. ಎಂಟು ಜನರಿರುವ ಮನೆಗೆ ಎರಡು ಕಿಟ್ ಕೊಡುವುದೋ ಬೇಡವೋ ಎಂಬುದನ್ನು ಪಿಡಿಒ ಜೊತೆ ಮೊದಲೇ ಮಾತಾಡಿಕೊಳ್ಳಿ. ಲಾರಿಯ ಮುಂದೆ ನಿಂತು ತೀರ್ಮಾನಿಸುವ ವಿಷಯ ಅದಲ್ಲ.

ಮೂರು ಭಾಗ ಮಾಡಿದ್ದಕ್ಕೆ ಎರಡು ಕಾರಣ. ಒಂದು, ಸೋಪಿನ ವಾಸನೆ, ಅದನ್ನು ಆಗಲೇ ಹೇಳಿದೆ. ಇನ್ನೊಂದು ತೂಕ. ಇಡೀ ಕಿಟ್ ಇಪ್ಪತ್ತು ಕೆ.ಜಿ. ದಾಟುತ್ತದೆ. ಒಂದೇ ಮೂಟೆಯಾದರೆ ಕೆಸರಿನ ಓಣಿಯಲ್ಲಿ ಅದನ್ನು ಹೊತ್ತೊಯ್ಯಲು ಒಂಟಿ ಮುದುಕಿಯಿಂದ ಆಗದು. ಮೂರಾದರೆ ಮೂರು ಸಲ ನಡೆದಾಳು.

ಬ್ಲೀಚಿಂಗ್ ಪೌಡರ್ ಪಟ್ಟಿಯಲ್ಲಿಲ್ಲ ಎಂಬುದನ್ನು ಗಮನಿಸಿರಬಹುದು. ಕೆಸರು ತೊಳೆದ ಮನೆಗೆ ಅದು ಬೇಕು, ನಿಜ. ಆದರೆ ಅದರ ಪೊಟ್ಟಣ ತೇವ ಹಿಡಿದರೆ ಉಬ್ಬಿ ಒಡೆಯುತ್ತದೆ, ಕ್ಲೋರಿನ್ ಹೊರಬರುತ್ತದೆ. ಶೌಚಾಲಯ ತೊಳೆಯುವ ಆ್ಯಸಿಡ್ ಜೊತೆ ಸೇರಿದರಂತೂ ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿಸುವ ವಿಷಾನಿಲವೇ ಏಳುತ್ತದೆ. ಅದನ್ನು ಬೇರೆ ಡ್ರಮ್ಮಿನಲ್ಲಿ ಪಂಚಾಯಿತಿಗೆ ಕೊಟ್ಟೆವು, ಹಂಚುವುದು ಅವರ ಕೆಲಸ. ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ ಮಾತ್ರೆಯನ್ನೂ ಆರೋಗ್ಯ ಇಲಾಖೆಯವರು ಹೇಗೆ ಬಳಸಬೇಕೆಂದು ಹೇಳಿ ಕೊಡುವುದೇ ಸರಿ.

ಬೇಡ ಎನ್ನುವ ಮೇಜು

ಸಂಗ್ರಹ ಕೇಂದ್ರದಲ್ಲಿ ಅತ್ಯಂತ ಕಷ್ಟದ ಕೆಲಸ ಬಾಗಿಲಲ್ಲಿ ನಿಂತು ಬೇಡ ಎನ್ನುವುದು. ಅಲ್ಲಿಗೆ ದಾಕ್ಷಿಣ್ಯದವರನ್ನು ಕೂರಿಸಬಾರದು. ನಮ್ಮಲ್ಲಿ ಆ ಕೆಲಸವನ್ನು ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಮಾಡಿದರು. ನಗುತ್ತಲೇ "ಇದನ್ನ ನೀವೇ ಉಡ್ತೀರಾ?" ಎಂದು ಕೇಳುತ್ತಿದ್ದರು. ತಂದವರು ಸುಮ್ಮನೆ ಚೀಲ ಎತ್ತಿಕೊಂಡು ಹೋಗುತ್ತಿದ್ದರು. ಒಳಗೆ ತೆಗೆದುಕೊಂಡ ಹಳೆ ಬಟ್ಟೆಯನ್ನು ವಿಂಗಡಿಸಲು ಹತ್ತು ಜನ ಬೇಕು, ಸಾಗಿಸಲು ಅರ್ಧ ಲಾರಿ ಬೇಕು, ಊರಿನಲ್ಲಿ ಅದು ರಸ್ತೆಬದಿಯಲ್ಲಿ ನೆನೆಯುತ್ತ ಬೀಳುತ್ತದೆ. ಗೇಟಿನಲ್ಲೇ ಬೇಡ ಎಂದರೆ ಅರ್ಧ ನಿಮಿಷದ ಮುಜುಗರ, ಅಷ್ಟೇ.

ಮಗುವಿನ ಹಾಲಿನ ಪುಡಿ ಬೇಡವೆಂದದ್ದಕ್ಕೆ ಮಾತ್ರ ಒಂದು ಸಣ್ಣ ಗಲಾಟೆಯೇ ಆಯಿತು. ಒಬ್ಬರು ಹನ್ನೆರಡು ಡಬ್ಬ ತಂದಿದ್ದರು, ಜೊತೆಗೆ ಬಾಟಲಿ. ಕೂಸುಗಳಿಗೆ ಕೊಡಬೇಡಿ ಅಂತೀರಲ್ಲ ಎಂದು ಅವರಿಗೆ ಸಿಟ್ಟು. ನೆರೆಯೂರಿನಲ್ಲಿ ಪುಡಿ ಕಲಸುವುದು ಕೊಳಕು ನೀರಿನಲ್ಲಿ, ಬಾಟಲಿ ಕುದಿಸಲು ಒಲೆಯಿಲ್ಲ, ಕೂಸಿಗೆ ಭೇದಿ ಶುರುವಾಗುತ್ತದೆ. ಡಬ್ಬ ಬಂತೆಂದು ತಾಯಿ ಹಾಲು ಕೊಡುವುದನ್ನು ಕಡಿಮೆ ಮಾಡಿದರೆ ಆಕೆಯ ಹಾಲೂ ಬತ್ತುತ್ತದೆ, ಡಬ್ಬ ಮುಗಿದಮೇಲೆ ಎರಡೂ ಇಲ್ಲ. ಶಿಶು ಹಾಲಿನ ಬದಲಿ ಪದಾರ್ಥ ಮತ್ತು ಬಾಟಲಿಗಳನ್ನು ಹೀಗೆ ದಾನವಾಗಿ ಹಂಚುವುದನ್ನು ನಮ್ಮ ದೇಶದ 1992ರ ಕಾಯ್ದೆಯೇ ತಡೆಯುತ್ತದೆ, ವಿನಾಯಿತಿ ಇರುವುದು ಅನಾಥಾಲಯಗಳಿಗೆ. ತಾಯಿಯಿಲ್ಲದ ಕೂಸಿದ್ದರೆ ಅಲ್ಲಿನ ಆರೋಗ್ಯ ಕಾರ್ಯಕರ್ತೆ ನೋಡಿ ವ್ಯವಸ್ಥೆ ಮಾಡುತ್ತಾರೆ. ಇದನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿಡಿ, ವಾದ ಕಡಿಮೆಯಾಗುತ್ತದೆ.

ಸ್ವೀಕಾರದ ಮೇಜಿನಲ್ಲಿ ಒಂದು ರಿಜಿಸ್ಟರ್ ಸಾಕು. ತಾರೀಕು, ಕೊಟ್ಟವರ ಮನೆ ಸಂಖ್ಯೆ, ವಸ್ತು, ಎಣಿಕೆ, ಪಡೆದವರ ಸಹಿ. ಗಂಟೆಗೊಮ್ಮೆ ಪ್ರತಿ ವಸ್ತುವಿನ ಒಟ್ಟು ಎಣಿಕೆಯನ್ನು ಗೋಡೆಯ ಹಾಳೆಯ ಮೇಲೆ ಬರೆಯಬೇಕು. ನಮ್ಮಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ಮೈಸೋಪು ಏಳುನೂರು ದಾಟಿತ್ತು, ಪೊರಕೆ ನಲವತ್ತೂ ಇರಲಿಲ್ಲ. ಕೂಡಲೇ ಸೋಪು ಸಾಕು, ಪೊರಕೆ ತನ್ನಿ ಎಂದು ಸುದ್ದಿ ಕಳುಹಿಸಿದೆವು. ಗೋಡೆಯ ಹಾಳೆ ಇಲ್ಲದಿದ್ದರೆ ಇದು ತಿಳಿಯುತ್ತಿದ್ದುದು ಭಾನುವಾರ ಮಧ್ಯಾಹ್ನ, ಅಂಗಡಿ ಅರ್ಧ ಮುಚ್ಚಿರುವಾಗ.

ಇಪ್ಪತ್ತರ ಲೆಕ್ಕ

ಕಿಟ್ ಕಟ್ಟುವಾಗ ಆಗುವ ತಪ್ಪು ಒಂದೇ: ಯಾವುದೋ ಚೀಲದಲ್ಲಿ ಎಣ್ಣೆ ಎರಡು, ಯಾವುದೋ ಚೀಲದಲ್ಲಿ ಎಣ್ಣೆಯೇ ಇಲ್ಲ. ಇನ್ನೂರು ಚೀಲ ಕಟ್ಟಿ ಮುಗಿದ ಮೇಲೆ ಒಂದು ಎಣ್ಣೆ ಪ್ಯಾಕೆಟ್ ಉಳಿಯಿತೆಂದರೆ ಅದು ಯಾವ ಚೀಲದ್ದೆಂದು ಹುಡುಕುವುದು ಅಸಾಧ್ಯ. ಇದಕ್ಕೆ ನಾವು ಹಿಡಿದ ಉಪಾಯ ಸುಲಭದ್ದು. ಮೇಜಿನ ಮೇಲೆ ಪ್ರತಿ ವಸ್ತುವೂ ಎಣಿಸಿ ಇಪ್ಪತ್ತೇ ಇಡುವುದು, ಬೇಳೆಯಾದರೆ ಒಂದು ಕೆ.ಜಿ.ಯ ನಲವತ್ತು. ಇಪ್ಪತ್ತು ಚೀಲ ಸಾಲಾಗಿ ದಾಟಿದ ಮೇಲೆ ಮೇಜು ಖಾಲಿಯಾಗಿರಬೇಕು. ಏನಾದರೂ ಉಳಿದರೆ ಆ ಇಪ್ಪತ್ತನ್ನು ಮಾತ್ರ ಬಿಚ್ಚಿ ನೋಡಿದರಾಯಿತು. ಹೀಗೆ ಹತ್ತು ಸುತ್ತು.

ಸಾಲಿನ ಕೊನೆಯಲ್ಲಿ ತಕ್ಕಡಿ. ಮೊದಲ ದಿನಸಿ ಚೀಲವನ್ನು ಇಬ್ಬರು ಪಟ್ಟಿ ಹಿಡಿದು ಕಟ್ಟಿ ತೂಗಿ, ಬಂದ ತೂಕವನ್ನು ದಪ್ಪ ಅಕ್ಷರದಲ್ಲಿ ಗೋಡೆಗೆ ಬರೆದರು. ಅದು ಆರೂವರೆ ಕೆ.ಜಿ.ಗೆ ತುಸು ಹೆಚ್ಚಿತ್ತು. ಆಮೇಲಿನ ಪ್ರತಿ ಚೀಲವೂ ಅದಕ್ಕೆ ಹೊಂದಬೇಕು. ಆರನೇ ಸುತ್ತಿನಲ್ಲಿ ಒಂದು ಚೀಲ ಇನ್ನೂರು ಗ್ರಾಂ ಕಡಿಮೆ ಬಂತು. ಬಿಚ್ಚದೆಯೇ ಗೊತ್ತಾಯಿತು, ಖಾರದಪುಡಿ ಬಿಟ್ಟುಹೋಗಿದೆ. ಎಣ್ಣೆಯ ಪ್ಯಾಕೆಟ್ಟನ್ನು ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿ ಮೇಲ್ಭಾಗದಲ್ಲಿಡಬೇಕು, ತಳಕ್ಕೆ ಹಾಕಿದರೆ ಒಂದು ಒಡೆದರೂ ಕೆಳಗಿನ ನಾಲ್ಕು ಮೂಟೆ ಹಾಳು. ಕಡ್ಡಿ ಪೊರಕೆ ಬಕೆಟ್ಟಿನೊಳಗೆ ಹಿಡಿಯುವುದಿಲ್ಲ, ಹಿಡಿಯಿಸಲು ಹೋದರೆ ಮುಚ್ಚಳ ಕೂರುವುದಿಲ್ಲ. ಹೊರಗೆ ಹಿಡಿಕೆಗೆ ಕಟ್ಟಿದೆವು.

ಲಾರಿಯ ಲೆಕ್ಕದಲ್ಲಿ ನಾವು ಎಡವಿದೆವು. ಅಕ್ಕಿ ಹತ್ತು, ದಿನಸಿ ಆರೂವರೆ, ಬಕೆಟ್ ಸುಮಾರು ನಾಲ್ಕು, ಒಟ್ಟು ಇಪ್ಪತ್ತೂವರೆ ಕೆ.ಜಿ. ಇನ್ನೂರಕ್ಕೆ 4,100 ಕೆ.ಜಿ. ಹಾಗಾಗಿ ಐದು ಟನ್ನಿನ ಲಾರಿ ಹೇಳಿದ್ದೆವು. ತೂಕಕ್ಕೆ ಸರಿ ಹೋಯಿತು, ಜಾಗಕ್ಕೆ ಹೋಗಲಿಲ್ಲ. ಖಾಲಿ ಬಕೆಟ್ಟುಗಳಾದರೆ ಒಂದರೊಳಗೊಂದು ಕೂರುತ್ತವೆ. ತುಂಬಿದ ಇನ್ನೂರು ಬಕೆಟ್ಟು ಅಕ್ಕಿಗಿಂತ ಹೆಚ್ಚು ಜಾಗ ಹಿಡಿಯುತ್ತವೆ. ಕೊನೆಗೆ ಇಪ್ಪತ್ತು ಬಕೆಟ್ ಒಂದು ವ್ಯಾನಿನಲ್ಲಿ ಹಿಂದೆ ಹೋದವು. ಲಾರಿಯವರಿಗೆ ತೂಕದ ಜೊತೆ ಬಕೆಟ್ಟಿನ ಎಣಿಕೆಯನ್ನೂ ಹೇಳಿ. ತುಂಬುವಾಗ ಕೆಳಗೊಂದು ಟಾರ್ಪಾಲು ಹಾಸಿ ಅಕ್ಕಿ, ಅದರ ಮೇಲೆ ದಿನಸಿ, ಹಿಂಬಾಗಿಲ ಕಡೆಗೆ ಬಕೆಟ್. ಊರಿನಲ್ಲಿ ಮೊದಲು ಕೆಳಗಿಳಿಯಬೇಕಾದದ್ದು ಅದೇ.

ಹಂಚುವಾಗ ಪಂಚಾಯಿತಿಯ ಪಟ್ಟಿ ಕೈಯಲ್ಲಿರಲಿ. ಹೆಸರಿನ ಮುಂದೆ ಸಹಿ ಅಥವಾ ಹೆಬ್ಬೆಟ್ಟು. ತೆಗೆದುಕೊಳ್ಳುವವರ ಫೋಟೊ ಬೇಡ, ಲಾರಿಯ ಫೋಟೊ ತೆಗೆಯಿರಿ.

ಆಮೇಲೆ ಮೂರನೆಯ ಇಮೇಲ್ ಇದೆ. ಇದನ್ನೇ ಹೆಚ್ಚಿನವರು ಬರೆಯುವುದಿಲ್ಲ. ನಾವು ಬುಧವಾರ ಕಳುಹಿಸಿದ್ದು ಐದು ಸಾಲು: ಬಂದ ಹಣ, ಖರ್ಚಾದದ್ದು, ಬಿಲ್ಲುಗಳಿರುವ ಜಾಗ, ಕಟ್ಟಿದ ಕಿಟ್ 200, ಸಹಿಯಾದದ್ದು 196. ಎರಡು ಮನೆಯವರು ಇನ್ನೂ ನೆಂಟರ ಊರಿನಲ್ಲಿದ್ದರು, ಅವರ ಕಿಟ್‌ಗಳು ಪಂಚಾಯಿತಿ ಕಚೇರಿಯಲ್ಲಿದ್ದವು. ಇನ್ನೆರಡರ ಅಕ್ಕಿ ದಾರಿಯ ಮಳೆಯಲ್ಲಿ ನೆನೆದುಹೋಯಿತು, ನಮ್ಮ ಟಾರ್ಪಾಲಿನಲ್ಲಿ ತೂತಿತ್ತು. ಅದನ್ನೂ ಬರೆದೆವು. ಉಳಿದ ಮುನ್ನೂರಕ್ಕೂ ಹೆಚ್ಚು ಮೈಸೋಪು ಇನ್ನೂ ಭವನದ ಅಟ್ಟದ ಮೇಲಿದೆ, ಬೇಕಾದವರು ಕೇಳಿ ಎಂಬುದು ಕೊನೆಯ ಸಾಲು.